ಸರಿ ಉತ್ತರ ಕಡಿಮೆಯಾದ ವರ್ಷ: ನನ್ನ ಫೈಲಿನ ನಾಲ್ಕು ಪುಟ

ಪ್ರತಿ ವರ್ಷ ಏಪ್ರಿಲ್ ಮೊದಲ ವಾರ ನಮ್ಮ ಶಾಲೆಯಲ್ಲಿ ಎಲ್ಲರೂ ಫೈಲು ಹಿಡಿದು ಕೂರುತ್ತೇವೆ. ಮಕ್ಕಳಿಗೆ ಕೃತಿ ಸಂಪುಟ ಇರುವ ಹಾಗೆ ಶಿಕ್ಷಕರಿಗೂ ಒಂದು. ವರ್ಷದಲ್ಲಿ ನಾನೇನು ಕಲಿತೆ, ನನ್ನ ಪಾಠ ಹೇಗೆ ಬದಲಾಯಿತು ಎಂದು ಅದರಲ್ಲಿ ಬರೆಯಬೇಕು. ನಾನು ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಗೆ ಗಣಿತ ಹೇಳುತ್ತೇನೆ. ಬಹಳ ವರ್ಷ ನನ್ನ ಫೈಲು ದಪ್ಪಗಿರುತ್ತಿತ್ತು. ತರಬೇತಿಯ ಪ್ರಮಾಣಪತ್ರ, ಮೆಟ್ರಿಕ್ ಮೇಳದ ಫೋಟೊ, ಬಣ್ಣದ ಚಾರ್ಟು, ಕೊನೆಗೆ ಒಂದು ಪುಟ ಬರಹ.

ಹೋದ ವರ್ಷ ನಮ್ಮ ಮುಖ್ಯ ಶಿಕ್ಷಕರು ಅದನ್ನು ಪೂರ್ತಿ ತಿರುವಿ ನೋಡಿ, "ಮೇಡಂ, ಇದರಾಗ ನಿಮ್ಮ ಪಾಠ ಎಲ್ಲೈತ್ರಿ?" ಅಂದರು. ಗದರಿಸಿದ್ದಲ್ಲ, ನಿಜವಾಗಿ ಹುಡುಕುತ್ತಿದ್ದರು. ನಾನೂ ಹುಡುಕಿದೆ. ಸಿಗಲಿಲ್ಲ. ನಾನು ಬರೆದಿದ್ದ ಸಾಲು ಇದು: "ಈ ವರ್ಷ ಚಟುವಟಿಕೆ ಆಧಾರಿತ ಬೋಧನೆ ಅಳವಡಿಸಿಕೊಂಡೆ. ಮಕ್ಕಳು ಸಂತೋಷದಿಂದ ಭಾಗವಹಿಸಿದರು." ಈ ಮಾತನ್ನು ಯಾವ ಶಿಕ್ಷಕರು ಬೇಕಾದರೂ ಯಾವ ವರ್ಷ ಬೇಕಾದರೂ ಬರೆಯಬಹುದು.

ಹಾಗಾಗಿ ಈ ಸಲ ಏಪ್ರಿಲ್‌ಗೆ ಕಾಯದೆ ಜೂನ್‌ನಲ್ಲೇ ಶುರು ಮಾಡಿದೆ. ಬದಲಾವಣೆ ತೋರಿಸಬೇಕೆಂದರೆ ಮೊದಲು ಹೇಗಿತ್ತು ಎನ್ನುವುದು ಕೈಯಲ್ಲಿರಬೇಕು. ಅದನ್ನು ವರ್ಷದ ಕೊನೆಗೆ ನೆನಪಿನಿಂದ ಬರೆದರೆ ನಂಬುವ ಹಾಗಿರುವುದಿಲ್ಲ.

ಜೂನ್ ಕೊನೆಯ ವಾರ ಎರಡು ಕೆಲಸ ಮಾಡಿದೆ. ಮೊದಲನೆಯದು ಫೋನಿನ ರೆಕಾರ್ಡರ್ ಆನ್ ಮಾಡಿ ಮೇಜಿನ ಮೇಲೆ ಇಟ್ಟು ಪಾಠ ಮಾಡಿದ್ದು. ಬರೀ ಧ್ವನಿ, ವಿಡಿಯೊ ಬೇಡ. ಮುಖ್ಯ ಶಿಕ್ಷಕರಿಗೂ ಮಕ್ಕಳಿಗೂ ಮೊದಲೇ ಹೇಳಿದ್ದೆ. ಮನೆಗೆ ಬಂದು ಮಧ್ಯದ ಹತ್ತು ನಿಮಿಷ ಮಾತ್ರ ಕೇಳಿದೆ. ನಲವತ್ತು ನಿಮಿಷ ಪೂರ್ತಿ ಬರೆದುಕೊಳ್ಳಲು ಹೋದರೆ ಎರಡನೇ ಸಲ ಮಾಡುವ ಮನಸ್ಸೇ ಬರುವುದಿಲ್ಲ. ಹಾಳೆಯಲ್ಲಿ ಮೂರು ಕಾಲಂ ಹಾಕಿ ಗೀಟು ಎಳೆಯುತ್ತಾ ಹೋದೆ: ತರಗತಿ ಒಟ್ಟಿಗೆ ಕೂಗಿ ಹೇಳಿದ್ದು, ಒಂದು ಮಗು ಹೇಳಿದ್ದು, ಕೇಳಿದ ನಾನೇ ಉತ್ತರ ಹೇಳಿದ್ದು.

ಹತ್ತು ನಿಮಿಷದಲ್ಲಿ 34 ಪ್ರಶ್ನೆ ಕೇಳಿದ್ದೆ. 19ಕ್ಕೆ ಎಲ್ಲರೂ ಒಟ್ಟಿಗೆ ಕೂಗಿದ್ದರು. 9ಕ್ಕೆ ಒಂದೊಂದು ಮಗು ಹೇಳಿತ್ತು. 6ಕ್ಕೆ ನಾನೇ ಹೇಳಿಕೊಂಡಿದ್ದೆ. ಆ ಒಂಬತ್ತು ಉತ್ತರ ಬಂದದ್ದು ನಾಲ್ಕೇ ಮಕ್ಕಳಿಂದ, ನಾಲ್ವರೂ ಮುಂದಿನ ಸಾಲು. ನನ್ನ ಪ್ರಶ್ನೆ ಮುಗಿದು ಒಂದು ಸೆಕೆಂಡು ಕಳೆಯುವುದರೊಳಗೆ ಯಾರೋ ಮಾತಾಡಿರುತ್ತಿದ್ದರು, ಹೆಚ್ಚಾಗಿ ನಾನೇ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದನ್ನು ತೋರಿಸಿದ್ದಾರೆ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೂ ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ತರಬೇತಿಯಲ್ಲಿ ಕೇಳಿದ್ದೆ. ನನ್ನ ಧ್ವನಿಯಲ್ಲೇ ಕೇಳಿದಾಗ ತುಂಬಾ ನೋವಾಯಿತು.

ಎರಡನೆಯದು ಚೀಟಿ. ನಾಲ್ಕನೇ ತರಗತಿಯಲ್ಲಿ ಭಿನ್ನರಾಶಿ ಓದಿ ಬಂದ ಮಕ್ಕಳು, ಅಲ್ವಾ? ಕಾಲು ಹಾಳೆಯ ಚೀಟಿಯಲ್ಲಿ ಎರಡು ಪ್ರಶ್ನೆ ಕೊಟ್ಟೆ. 1/3 ದೊಡ್ಡದೋ 1/4 ದೊಡ್ಡದೋ? 2/3 ದೊಡ್ಡದೋ 3/4 ದೊಡ್ಡದೋ? ಎರಡಕ್ಕೂ "ಯಾಕೆ?" ಅಂತ ಒಂದು ಸಾಲು. ಹೆಸರು ಬೇಡ, ಹಾಜರಿ ಸಂಖ್ಯೆ ಸಾಕು. ಫೈಲು ಬೇರೆಯವರ ಕೈಗೆ ಹೋಗುತ್ತದೆ, ಮಗುವಿನ ಹೆಸರು ಅದರಲ್ಲಿ ಯಾಕೆ ಬೇಕು?

ಹೆಚ್ಚಿನ ಮಕ್ಕಳು 1/4 ದೊಡ್ಡದು ಎಂದು ಬರೆದರು. ಕಾರಣ: "ಯಾಕಂದ್ರ ನಾಲ್ಕು ದೊಡ್ಡದು."

ಬದಲಿಸಲು ಒಂದೇ ಒಂದು ವಿಷಯ ಆರಿಸಿಕೊಂಡೆ. ಭಿನ್ನರಾಶಿಯ ಪಾಠದಲ್ಲಿ ಕಡಿಮೆ ಪ್ರಶ್ನೆ ಕೇಳುವುದು, ಉತ್ತರವನ್ನು ಬಾಯಲ್ಲಿ ಹೇಳುವ ಮೊದಲು ಎಲ್ಲರೂ ಸ್ಲೇಟಿನಲ್ಲಿ ಬರೆಯುವುದು. ಬರೆದ ಮೇಲೆ ನಾನು ಓಡಾಡಿ ನೋಡಿ ಮೂರು ಸ್ಲೇಟು ಆರಿಸಿ ಮುಂದೆ ಇಡುತ್ತೇನೆ. ಯಾವುದು ಸರಿ ಎಂದು ಹೇಳುವುದಿಲ್ಲ. ಮಕ್ಕಳೇ ವಾದ ಮಾಡಬೇಕು.

ಮೊದಲ ಎರಡು ವಾರ ಕೆಟ್ಟುಹೋಯಿತು. ಒಂದು ಬೆಂಚಿನ ನಾಲ್ಕೂ ಸ್ಲೇಟಿನಲ್ಲಿ ಅದೇ ಉತ್ತರ, ಅದೇ ಕಾರಣ, ಅದೇ ಕಾಗುಣಿತದ ತಪ್ಪು. ಕಾಗುಣಿತದಿಂದಲೇ ಗೊತ್ತಾಯಿತು, ಪಕ್ಕದವರನ್ನು ನೋಡಿ ಬರೆದಿದ್ದಾರೆ ಅಂತ. ಆಮೇಲೆ ಬರೆದ ಕೂಡಲೇ ಸ್ಲೇಟು ಮಗುಚಿ ಇಡುವ ನಿಯಮ ಮಾಡಿದೆ. ಜೊತೆಗೆ ಮುಂದೆ ಇಡುವ ಮೂರು ಸ್ಲೇಟಿನಲ್ಲಿ ತಪ್ಪು ಉತ್ತರವನ್ನು ಮೊದಲು ಓದಿಸಿ, "ಇವರು ಹೀಗ್ಯಾಕ ಯೋಚಿಸಿರಬಹುದು?" ಎಂದು ಕೇಳತೊಡಗಿದೆ. ತಪ್ಪು ಬರೆದರೆ ನಗುವವರು ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ನೋಡಿ ಬರೆಯುವುದು ಕಡಿಮೆಯಾಯಿತು.

ಹಂಚಲು ಮೊದಲು ಕಾಗದದ ರೊಟ್ಟಿ ಕೊಟ್ಟಿದ್ದೆ. ದುಂಡಗಿನ ಕಾಗದವನ್ನು ಮೂರು ಸಮಭಾಗ ಮಾಡುವುದು ದೊಡ್ಡವರಿಗೇ ಕಷ್ಟ. ಮಕ್ಕಳ 1/3 ಒಂದೊಂದು ಅಳತೆಗೆ ಬಂತು, ಹೋಲಿಸಲು ಆಗಲಿಲ್ಲ. ಆಮೇಲೆ ಚೌಕದ ಗೆರೆಯ ಪುಸ್ತಕದಿಂದ 12 ಚೌಕದ ಉದ್ದನೆ ಪಟ್ಟಿ ಕತ್ತರಿಸಿದೆವು. ಹನ್ನೆರಡನ್ನು ಮೂರು ಪಾಲೂ ಮಾಡಬಹುದು, ನಾಲ್ಕು ಪಾಲೂ ಮಾಡಬಹುದು. 1/3 ಅಂದರೆ ನಾಲ್ಕು ಚೌಕ, 1/4 ಅಂದರೆ ಮೂರು ಚೌಕ. ಪಟ್ಟಿಯ ಮೇಲೆ ಪಟ್ಟಿ ಇಟ್ಟರೆ ಕಣ್ಣಿಗೇ ಕಾಣುತ್ತದೆ. "ಮಂದಿ ಜಾಸ್ತಿ ಆದ್ರ ಪಾಲು ಸಣ್ಣದಾಗ್ತದ್ರಿ ಟೀಚರ್" ಎಂದು ಹಿಂದಿನ ಬೆಂಚಿನ ಹುಡುಗಿ ಹೇಳಿದಳು. ಅಲ್ಲಿಯವರೆಗೆ ಗಣಿತದ ಅವಧಿಯಲ್ಲಿ ಅವಳ ಧ್ವನಿಯನ್ನು ನಾನು ಕೇಳಿರಲಿಲ್ಲ.

ಆಗಸ್ಟ್‌ನಲ್ಲಿ ಮತ್ತೆ ರೆಕಾರ್ಡ್ ಮಾಡಿದೆ. ಮತ್ತೆ ಮಧ್ಯದ ಹತ್ತೇ ನಿಮಿಷ, ಅವೇ ಮೂರು ಕಾಲಂ. ಅಳತೆ ಬದಲಿಸಿದರೆ ಹೋಲಿಕೆ ಸುಳ್ಳಾಗುತ್ತದೆ. ಈ ಸಲ 12 ಪ್ರಶ್ನೆ. 3 ಒಟ್ಟಿಗೆ ಕೂಗಿದ್ದು, 8 ಒಬ್ಬೊಬ್ಬರು ಹೇಳಿದ್ದು, 1 ನಾನೇ ಹೇಳಿದ್ದು. ಆ ಎಂಟು ಉತ್ತರ ಏಳು ಮಕ್ಕಳಿಂದ ಬಂದಿದ್ದವು.

ಇಲ್ಲಿಗೇ ನಿಲ್ಲಿಸಿ ಫೈಲಿಗೆ ಹಾಕಿದ್ದರೆ ಚೆಂದ ಕಾಣುತ್ತಿತ್ತು. ಆದರೆ ಎಸ್‌ಎ-1 ಪರೀಕ್ಷೆಗೆ ಮೊದಲು ಪುನರಾವರ್ತನೆ ಮಾಡುವಾಗ ಮೂರನೇ ಸಲ ರೆಕಾರ್ಡ್ ಮಾಡಿದ್ದೆ. ಅದರಲ್ಲಿ 29 ಪ್ರಶ್ನೆ, 17 ಒಟ್ಟಿಗೆ ಕೂಗಿದ್ದು. ಪಾಠ ಮುಗಿಸುವ ಅವಸರ ಬಂದ ಕೂಡಲೇ ಜೂನ್‌ನ ಶಿಕ್ಷಕಿ ವಾಪಸ್ ಬಂದಿದ್ದಳು. ಆ ಹಾಳೆಯನ್ನೂ ಫೈಲಿನಲ್ಲಿ ಇಟ್ಟೆ. ನನ್ನ ಬದಲಾವಣೆ ಹೊಸ ಪಾಠಕ್ಕೆ ಮಾತ್ರ ಹಿಡಿದಿದೆ, ಪುನರಾವರ್ತನೆಗೆ ಇನ್ನೂ ಹಿಡಿದಿಲ್ಲ ಎಂದು ಅದರ ಕೆಳಗೆ ಬರೆದೆ.

ಫೆಬ್ರವರಿಯಲ್ಲಿ ಜೂನ್‌ನ ಚೀಟಿಯನ್ನೇ ಮತ್ತೆ ಕೊಟ್ಟೆ. ಅವೇ ಎರಡು ಪ್ರಶ್ನೆ. ನನ್ನ ತರಗತಿಯಲ್ಲಿ 27 ಹೆಸರು. ದೀಪಾವಳಿ ಮುಗಿದ ಮೇಲೆ ಕೆಲವು ಮಕ್ಕಳು ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುತ್ತಾರೆ. ಜೂನ್ ಮತ್ತು ಫೆಬ್ರವರಿ ಎರಡರಲ್ಲೂ ಚೀಟಿ ಬರೆದವರು 20 ಮಕ್ಕಳು. ಆ ಇಪ್ಪತ್ತನ್ನು ಮಾತ್ರ ಹೋಲಿಸಿದೆ. ಹೋದ ಮಕ್ಕಳ ಜೂನ್ ಚೀಟಿ ಸೇರಿಸಿಕೊಂಡು ಫೆಬ್ರವರಿಯಲ್ಲಿ ಬಿಟ್ಟರೆ ತರಗತಿ ಸುಮ್ನೆ ಮುಂದೆ ಹೋದ ಹಾಗೆ ಕಾಣಬಹುದು.

ಮೊದಲ ಪ್ರಶ್ನೆ ಸುಲಭವಾಗಿ ಹೇಳಬಹುದು. ಸರಿ ಉತ್ತರ, ಸರಿ ಕಾರಣ ಎರಡೂ ಬರೆದವರು ಜೂನ್‌ನಲ್ಲಿ 6, ಫೆಬ್ರವರಿಯಲ್ಲಿ 17.

ಎರಡನೇ ಪ್ರಶ್ನೆ ಎಣಿಸಿದಾಗ ಎದೆ ಧಸಕ್ ಅಂತು. 3/4 ದೊಡ್ಡದು ಎಂದು ಸರಿಯಾಗಿ ಬರೆದವರು ಜೂನ್‌ನಲ್ಲಿ 14 ಮಂದಿ. ಫೆಬ್ರವರಿಯಲ್ಲಿ 11. ಒಂದು ವರ್ಷ ಕಷ್ಟಪಟ್ಟು ಸರಿ ಉತ್ತರ ಕಡಿಮೆಯಾಗಿತ್ತು.

ಆ ರಾತ್ರಿ "ಯಾಕೆ?" ಸಾಲುಗಳನ್ನು ಓದಿದೆ. ಜೂನ್‌ನ 14ರಲ್ಲಿ 13 ಮಕ್ಕಳು "ಮೂರು, ನಾಲ್ಕು ದೊಡ್ಡವು" ಎನ್ನುವ ಥರ ಬರೆದಿದ್ದರು. ಮೇಲಿನ ಅಂಕೆಯೂ ದೊಡ್ಡದು, ಕೆಳಗಿನದೂ ದೊಡ್ಡದು, ಹಾಗಾಗಿ 3/4. ತಪ್ಪು ಯೋಚನೆ ಅದೃಷ್ಟಕ್ಕೆ ಸರಿ ಉತ್ತರ ಕೊಟ್ಟಿತ್ತು. ಕಾರಣವೂ ಸರಿ ಇದ್ದದ್ದು ಒಂದೇ ಒಂದು ಚೀಟಿ. ಫೆಬ್ರವರಿಯ 11ರಲ್ಲಿ 9 ಮಕ್ಕಳ ಕಾರಣ ಸರಿ ಇತ್ತು. ಕೆಲವರು ಪಟ್ಟಿ ಬರೆದು 8 ಚೌಕ, 9 ಚೌಕ ಎಂದು ತೋರಿಸಿದ್ದರು. ಇನ್ನು 7 ಮಕ್ಕಳು "ಎರಡೂ ಸಮ" ಎಂದಿದ್ದರು. ಕಾರಣ: "ಎರಡರಾಗೂ ಒಂದು ತುಂಡು ಕಮ್ಮಿ ಐತಿ."

ಅದು ತಪ್ಪೇ. ಆದರೆ ಅಂಕೆ ನೋಡಿ ಹೇಳಿದ ತಪ್ಪಲ್ಲ. ಆ ಮಕ್ಕಳ ಮನಸ್ಸಿನಲ್ಲಿ ಈಗ ಒಂದು ಪೂರ್ತಿ ರೊಟ್ಟಿ ಇದೆ, ಅದರಲ್ಲಿ ತುಂಡು ಇದೆ, ಎಷ್ಟು ಉಳಿದಿಲ್ಲ ಎನ್ನುವ ಲೆಕ್ಕ ಇದೆ. ಆ ಒಂದು ತುಂಡಿನ ಅಳತೆ ಬೇರೆ ಬೇರೆ ಎನ್ನುವುದು ಮಾತ್ರ ಬಿಟ್ಟುಹೋಗಿದೆ. 1/3 ದೊಡ್ಡದು, 1/4 ಸಣ್ಣದು ಎಂದು ಅದೇ ಚೀಟಿಯ ಮೇಲಿನ ಪ್ರಶ್ನೆಗೆ ಅವರಲ್ಲಿ ಹೆಚ್ಚಿನವರು ಸರಿಯಾಗಿ ಬರೆದಿದ್ದರು! ಎರಡನ್ನೂ ಜೋಡಿಸುವ ಪ್ರಶ್ನೆಯನ್ನು ನಾನೇ ಕೇಳಿರಲಿಲ್ಲ.

ಫೈಲಿನಲ್ಲಿ ಇದನ್ನು ನಾಲ್ಕು ಪುಟದಲ್ಲಿ ಬರೆದೆ. ಮೊದಲ ಪುಟದಲ್ಲಿ ಮೂರು ರೆಕಾರ್ಡಿಂಗ್‌ನ ಗೀಟಿನ ಹಾಳೆ, ಜುಲೈಯ ಹಳೆ ಪಾಠಯೋಜನೆ, ಆಗಸ್ಟ್‌ನಲ್ಲಿ ಕೆಂಪು ಪೆನ್ನಿಂದ ತಿದ್ದಿದ ಅದೇ ಯೋಜನೆ. ಎರಡನೇ ಪುಟದಲ್ಲಿ ಮೂರು ಮಕ್ಕಳ ಜೂನ್ ಚೀಟಿ, ಪಕ್ಕದಲ್ಲೇ ಫೆಬ್ರವರಿ ಚೀಟಿ. ಮುಂದೆ ಬಂದ ಮಗು ಒಂದು, "ಎರಡೂ ಸಮ" ಎಂದ ಮಗು ಒಂದು, ಏನೂ ಬದಲಾಗದ ಮಗು ಒಂದು. ಚೆನ್ನಾಗಿ ಬರೆದ ಮೂರನ್ನೇ ಆರಿಸಿದ್ದರೆ ಪುಟ ನೋಡಿದವರಿಗೆ ನನ್ನ ತರಗತಿ ಕಾಣುತ್ತಿರಲಿಲ್ಲ. ಮೂರನೇ ಪುಟದಲ್ಲಿ ಇಪ್ಪತ್ತು ಮಕ್ಕಳ ಲೆಕ್ಕ, ಉತ್ತರ ಒಂದು ಕಾಲಂ, ಕಾರಣ ಇನ್ನೊಂದು ಕಾಲಂ. ಎಲ್ಲವೂ ಸ್ಲೇಟಿನಿಂದಲೇ ಆಯಿತು ಎಂದು ಬರೆಯಲಿಲ್ಲ. ಮಕ್ಕಳು ಎಂಟು ತಿಂಗಳು ದೊಡ್ಡವರಾಗಿದ್ದಾರೆ, ಪಟ್ಟಿಯೂ ಇತ್ತು, ಪಠ್ಯದ ಅಧ್ಯಾಯವೂ ನಡುವೆ ಮುಗಿದಿತ್ತು. ಮಾತಾಡುವ ಮಕ್ಕಳು ನಾಲ್ಕರಿಂದ ಏಳಾದದ್ದು ಮಾತ್ರ ಸ್ಲೇಟಿನಿಂದ ಎಂದು ಧೈರ್ಯವಾಗಿ ಬರೆದೆ.

ಮುಖ್ಯ ಶಿಕ್ಷಕರು ಮೂರನೇ ಪುಟದ ಮೇಲೆ ತುಂಬಾ ಹೊತ್ತು ಕೂತರು. "ಸರಿ ಉತ್ತರ ಕಡಿಮಿ ಆಗ್ಯಾವಲ್ರೀ ಮೇಡಂ, ಇದನ್ನ ಯಾಕ ಹಾಕೀರಿ?" ಅಂದರು. "ಸರ್, ಪಕ್ಕದ ಕಾಲಂ ಓದ್ರಿ" ಅಂದೆ. ಓದಿದರು. ಆಮೇಲೆ "ಎರಡೂ ಸಮ" ಎಂದ ಏಳು ಚೀಟಿಗಳನ್ನೂ ತರಿಸಿಕೊಂಡು ಒಂದೊಂದಾಗಿ ನೋಡಿದರು.

ನಾಲ್ಕನೇ ಪುಟದಲ್ಲಿ ಮುಂದಿನ ವರ್ಷದ ಮಾತು ಎರಡೇ ಸಾಲು. ಪುನರಾವರ್ತನೆಯ ಒಂದು ಅವಧಿಯನ್ನು ಎಸ್‌ಎ-1 ಮೊದಲು, ಎಸ್‌ಎ-2 ಮೊದಲು ರೆಕಾರ್ಡ್ ಮಾಡುತ್ತೇನೆ. ಆರನೇ ತರಗತಿಗೂ ನಾನೇ ಗಣಿತ ಹೇಳುವುದರಿಂದ ಆ ಏಳು ಮಕ್ಕಳಿಗೆ ಜೂನ್‌ನಲ್ಲಿ 5/6 ಮತ್ತು 7/8 ಕೊಡುತ್ತೇನೆ. ಅಲ್ಲೂ ಒಂದೊಂದು ತುಂಡೇ ಕಮ್ಮಿ. ಸ್ಲೇಟು ಮಗುಚಿದ ಮೇಲೆ ಕೇಳುವ ಪ್ರಶ್ನೆಯನ್ನೂ ಈಗಲೇ ಬರೆದಿಟ್ಟಿದ್ದೇನೆ: "ಇಲ್ಲದ ತುಂಡು ಯಾವುದರಾಗ ದೊಡ್ಡದೈತಿ?"