ಮಂಡಿನೋವಿಗೆ ಮಾತ್ರೆ ನುಂಗುವ ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ

ನಮ್ಮ ದೊಡ್ಡಮ್ಮನಿಗೆ 68 ವರ್ಷ. ಮಂಡಿನೋವು ಅಂತ ಹತ್ತು ದಿನ ದಿನಕ್ಕೆರಡು ಮಾತ್ರೆ ನುಂಗಿದ್ದರು. ಕಾಲು ಊದಿತು, ಮೂತ್ರ ಕಡಿಮೆಯಾಯಿತು. ಟೆಸ್ಟ್ ಮಾಡಿಸಿದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ 1.4 ಇದ್ದದ್ದು 2.3ಕ್ಕೆ ಏರಿತ್ತು. ಕೇಳಿದರೆ, "ಬರೀ ಪ್ಯಾರಾಸಿಟಮಾಲ್ ಕಣೋ, ಮೆಡಿಕಲ್ ಶಾಪಿನವನೇ ಕೊಟ್ಟ" ಅಂದರು.

ಮೊದಲು ಹಳೆಯ ರಿಪೋರ್ಟ್ ತೆಗೆಯಿರಿ. ಕ್ರಿಯಾಟಿನಿನ್ 1.4 ಅಂದರೆ ಸ್ವಲ್ಪ ಜಾಸ್ತಿ ಅಷ್ಟೇ ಅನಿಸುತ್ತದೆ, ಆದರೆ ಆ ವಯಸ್ಸಿನ ಹೆಂಗಸಿಗೆ ಅದನ್ನು ಇಜಿಎಫ್‌ಆರ್ ಲೆಕ್ಕಕ್ಕೆ ಹಾಕಿದರೆ ಸುಮಾರು 41 ಬರುತ್ತದೆ. ಅಂದರೆ ಕಿಡ್ನಿ ಸೋಸುವ ಶಕ್ತಿ ಆಗಲೇ ಅರ್ಧಕ್ಕಿಂತ ಕೆಳಗಿತ್ತು. 60ಕ್ಕಿಂತ ಕಡಿಮೆ ಇದ್ದರೆ ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಆಮೇಲೆ ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ. ದೊಡ್ಡಮ್ಮನ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಇತ್ತು, ನಿಜ. ಅದರ ಜೊತೆಗೇ ಕಿಡ್ನಿಗೆ ಹೊಡೆತ ಕೊಡುವ ನೋವಿನ ಔಷಧಿ ಅಸಿಕ್ಲೋಫೆನಾಕ್ 100 ಕೂಡ ಇತ್ತು! ಡೈಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ನಿಮೆಸುಲೈಡ್ ಇವೆಲ್ಲ ಅದೇ ಗುಂಪಿನವು. ಹೊಟ್ಟೆಗೆ ಮೃದು ಅನ್ನುವ ಎಟೊರಿಕಾಕ್ಸಿಬ್ ಕೂಡ ಕಿಡ್ನಿಗೆ ಮೃದುವೇನಲ್ಲ.

ಇನ್ನು ಬಿ.ಪಿ. ಮಾತ್ರೆ ಯಾವುದು ನೋಡಿ. ದೊಡ್ಡಮ್ಮ ಟೆಲ್ಮಿಸಾರ್ಟನ್ ಜೊತೆ ನೀರು ಇಳಿಸುವ ಮಾತ್ರೆಯನ್ನೂ ತಗೊಳ್ತಿದ್ದರು. ಕಿಡ್ನಿಯ ಜರಡಿಗೆ ರಕ್ತ ಬರಲು ಒಂದು ಸಣ್ಣ ನಾಳ, ಹೋಗಲು ಇನ್ನೊಂದು. ಈ ಗುಂಪಿನ ನೋವಿನ ಮಾತ್ರೆ ರಕ್ತ ಬರುವ ನಾಳವನ್ನು ಬಿಗಿ ಮಾಡುತ್ತದೆ, ಟೆಲ್ಮಿಸಾರ್ಟನ್ ರಕ್ತ ಹೋಗುವ ನಾಳವನ್ನು ಸಡಿಲ ಮಾಡುತ್ತದೆ, ನೀರು ಇಳಿಸುವ ಮಾತ್ರೆ ಒಟ್ಟು ನೀರನ್ನೇ ಕಡಿಮೆ ಮಾಡುತ್ತದೆ, ಹಾಗಾಗಿ ಜರಡಿಯಲ್ಲಿ ಒತ್ತಡವೇ ಉಳಿಯುವುದಿಲ್ಲ. ವಾಂತಿ ಭೇದಿಯಾದ ದಿನ ಇದು ಇನ್ನೂ ಅಪಾಯ. ಅಂಥ ದಿನ ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಎರಡನ್ನೂ ಮುಂದುವರಿಸಬೇಕಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಬಿ.ಪಿ. ಮಾತ್ರೆಯಾಗಲಿ, ಹೃದಯಕ್ಕೆ ಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ ಆಗಲಿ, ನೀವೇ ನಿಲ್ಲಿಸಬೇಡಿ.

ಹಾಗಾದರೆ ನೋವಿಗೇನು? ಮೊದಲು ಬಿಸಿ ಶಾಖ, ಆಮೇಲೆ ಬೇರೇನೂ ಬೆರೆಸದ ಪ್ಯಾರಾಸಿಟಮಾಲ್ 500. ಆರು ಗಂಟೆಗೊಂದರಂತೆ ದಿನಕ್ಕೆ ನಾಲ್ಕು ದಾಟಬೇಡಿ. ಲಿವರ್ ತೊಂದರೆ ಅಥವಾ ಕುಡಿತ ಇದ್ದರೆ ಇನ್ನೂ ಕಡಿಮೆ. ನೆಗಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಡೈಕ್ಲೋಫೆನಾಕ್ ಜೆಲ್‌ನಿಂದ ರಕ್ತಕ್ಕೆ ಸೇರುವುದು ತೀರ ಸ್ವಲ್ಪ, ಡಾಕ್ಟರು ಒಪ್ಪಿದರೆ ಒಂದು ಮಂಡಿಗೆ ನಾಲ್ಕು ದಿನ ಹಚ್ಚಬಹುದು. ಸುಮ್ನೆ ಮೈಗೆಲ್ಲ ತಿಕ್ಕಬೇಡಿ. ನರದ ನೋವಿಗೆ ಕೊಡುವ ಪ್ರಿಗಾಬಲಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ, ಆದರೆ ಕಿಡ್ನಿ ನಿಧಾನವಾದರೆ ಅದು ಮೈಯಲ್ಲೇ ಉಳಿದು ತೂಕಡಿಕೆ, ತಲೆಸುತ್ತು ತರುತ್ತದೆ. ಹಾಗಾಗಿ ಡೋಸ್ ಇಳಿಸಬೇಕು.

ದೊಡ್ಡಮ್ಮ ಆ ಮಾತ್ರೆ ನಿಲ್ಲಿಸಿದ ಮೂರು ವಾರಕ್ಕೆ ಕ್ರಿಯಾಟಿನಿನ್ 1.5ಕ್ಕೆ ಇಳಿಯಿತು. 1.4ಕ್ಕೆ ಮಾತ್ರ ಮರಳಲೇ ಇಲ್ಲ. ಈಗ ಇಜಿಎಫ್‌ಆರ್ ರಿಪೋರ್ಟನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ, ಮೆಡಿಕಲ್ ಶಾಪಿನಲ್ಲಿ ಮೊದಲು ಅದನ್ನೇ ತೋರಿಸುತ್ತಾರೆ.