ಹಣೆ, ಮೂಗಿನ ಜಿಡ್ಡು: ಉಜ್ಜದೆ ಒತ್ತಿ ತೆಗೆಯುವ ಬಗೆ

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ನಮ್ಮ ಮನೆಗೆ ಬಂದಿದ್ದ ತಂಗಿಯ ಮಗಳು ದಿನಕ್ಕೆ ಐದಾರು ಬಾರಿ ಸೋಪು ಹಚ್ಚಿ ಮುಖ ತೊಳೆಯುತ್ತಿದ್ದಳು. ಆದರೂ ಮಧ್ಯಾಹ್ನದ ಹೊತ್ತಿಗೆ ಅವಳ ಹಣೆ, ಮೂಗು ಎಣ್ಣೆ ಸವರಿದಂತೆ ಮಿರುಗುತ್ತಿದ್ದವು. ಕೆನ್ನೆ ಬಿಗಿದುಕೊಂಡು ಉರಿಯುತ್ತಿತ್ತು. ಎಣ್ಣೆ ಸ್ರವಿಸುವ ಗ್ರಂಥಿಗಳು ಹಣೆ, ಮೂಗು, ಗದ್ದದಲ್ಲಿ ಹೆಚ್ಚಾಗಿರುತ್ತವೆ, ಕೆನ್ನೆಯಲ್ಲಿ ಕಡಿಮೆ. ಹೀಗಾಗಿ ಇಡೀ ಮುಖವನ್ನು ಒಂದೇ ರೀತಿ ತಿಕ್ಕಿದಾಗ ಹಾನಿಯಾಗುವುದು ಕೆನ್ನೆಗೆ. ಅದಲ್ಲದೆ ನಮ್ಮದು ಬೋರ್‌ವೆಲ್‌ನ ಗಡಸು ನೀರು. ಅದರಲ್ಲಿ ಸೋಪು ಸರಿಯಾಗಿ ನೊರೆ ಬಿಡದೆ ಬಿಳಿ ಗಸಿಯಾಗಿ ಚರ್ಮದ ಮೇಲೆಯೇ ಉಳಿಯುತ್ತದೆ.

ಮೊದಲು ಅವಳ ತಲೆದಿಂಬನ್ನು ನೋಡಿದೆ. ಹೊದಿಕೆಯ ಮೇಲೆ ಹಳದಿ ಕಲೆಯಿತ್ತು. ರಾತ್ರಿ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ದಿಂಬಿಗಿಳಿದು, ಅಲ್ಲಿಂದ ಹಣೆಗೆ ಅಂಟುತ್ತಿತ್ತು. ಎಣ್ಣೆಯನ್ನು ಬಿಡಬೇಕಾಗಿಲ್ಲ, ವಾರಕ್ಕೊಮ್ಮೆ ತಲೆಸ್ನಾನಕ್ಕೆ ಒಂದು ತಾಸು ಮೊದಲು ಹಚ್ಚಿಕೊಂಡು, ಹಣೆಯ ಮೇಲಿನ ಕೂದಲಂಚನ್ನು ಬಿಟ್ಟರೆ ಸಾಕೆಂದು ಹೇಳಿ, ದಿಂಬಿನ ಹೊದಿಕೆಯನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಿದೆವು.

ಸೋಪಿನ ಬದಲು ಮೃದುವಾದ ಫೇಸ್‌ವಾಶ್ ತರಿಸಿ, ಬೆಳಿಗ್ಗೆ ಮತ್ತು ರಾತ್ರಿ ಎರಡೇ ಬಾರಿ, ಉಗುರುಬೆಚ್ಚಗಿನ ನೀರಿನಲ್ಲಿ ಬೆರಳ ತುದಿಯಿಂದ ಅರ್ಧ ನಿಮಿಷ ಮಾತ್ರ ತೊಳೆಯಲು ಹೇಳಿದೆ. ತೊಳೆದ ಮೇಲೆ ಮುಖ ಬಿಗಿಯುವಂತಾದರೆ ಅದು ನಿಮಗೆ ಒಗ್ಗಲಿಲ್ಲವೆಂದೇ ಅರ್ಥ. ನಂತರ ಎಣ್ಣೆರಹಿತ ಜೆಲ್ಲಿನಂಥ ಮಾಯಿಶ್ಚರೈಸರನ್ನು ಕೆನ್ನೆಗೆ ತುಸು ಹೆಚ್ಚಾಗಿ, ಹಣೆ ಮೂಗಿಗೆ ತೆಳ್ಳಗೆ ಹಚ್ಚಬೇಕು.

ಹಗಲಿನಲ್ಲಿ ಜಿಡ್ಡು ಮೂಡಿದರೆ, ಹಳೆಯ ಮಲ್ ಬಟ್ಟೆಯ ಒಗೆದ ತುಂಡನ್ನು ನಾಲ್ಕಾಗಿ ಮಡಿಸಿ, ಹಣೆಯ ಮೇಲೆ ಐದಾರು ಕ್ಷಣ ಒತ್ತಿ ಎತ್ತಿರಿ. ಮೂಗಿನ ಪಕ್ಕದ ಗುಳಿಗೆ ಮಡಿಕೆಯ ಮೂಲೆಯನ್ನು ಬಳಸಿರಿ. ಬಟ್ಟೆ ಮೇಲಿನ ಜಿಡ್ಡನ್ನು ಹೀರುತ್ತದೆ ಅಷ್ಟೇ, ಹಾಗಾಗಿ ಚರ್ಮದ ಬಣ್ಣವೂ ರಂಧ್ರಗಳ ನಯವೂ ಇದ್ದಂತೆಯೇ ಇರುತ್ತವೆ. ಜಿಡ್ಡಿನ ಮೇಲೆಯೇ ಪೌಡರ್ ಹಾಕಿದರೆ ಬೆವರಿನಲ್ಲಿ ಕಲಸಿ ಬಿಳಿಯ ಪಟ್ಟೆಗಳಾಗುತ್ತವೆ, ಹಣೆಯೊಂದು ಬಣ್ಣ, ಕತ್ತೊಂದು ಬಣ್ಣವಾಗಿ ಕಾಣುತ್ತದೆ.

ನಿಂಬೆರಸವನ್ನಾಗಲಿ ಅಡುಗೆ ಸೋಡಾವನ್ನಾಗಲಿ ಹಚ್ಚಲೇಬಾರದು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆಗಳು ಬೀಳಬಹುದು, ಅವು ಮಾಯಲು ತಿಂಗಳುಗಳೇ ಬೇಕು. ಮುಲ್ತಾನಿ ಮಣ್ಣನ್ನು ಬಳಸುವುದಾದರೆ ವಾರಕ್ಕೊಮ್ಮೆ ಹಣೆ, ಮೂಗಿಗೆ ಮಾತ್ರ ಹಚ್ಚಿ, ಪೂರ್ತಿ ಒಣಗಿ ಬಿರಿಯುವ ಮೊದಲೇ ತೊಳೆಯಿರಿ.

ಮೂರು ವಾರಗಳಲ್ಲಿ ಅವಳ ಕೆನ್ನೆಯ ಉರಿ ಹೋಯಿತು. ಜಿಡ್ಡು ಪೂರ್ತಿ ನಿಲ್ಲಲಿಲ್ಲ, ಅದು ನಿಲ್ಲುವಂಥದ್ದೂ ಅಲ್ಲ. ಮಧ್ಯಾಹ್ನ ಒಮ್ಮೆ ಬಟ್ಟೆ ಒತ್ತಿದರೆ ಸಾಕಾಗುತ್ತಿತ್ತು. ಆದರೆ ಮೂಗಿನ ಬದಿಯಲ್ಲಿ ಕೆಂಪಾಗಿ ಹೊಟ್ಟೇಳುತ್ತಿದ್ದರೆ, ಅಥವಾ ಮುಟ್ಟು ಏರುಪೇರಾಗಿ ಗದ್ದದಲ್ಲಿ ಗಡುಸು ಕೂದಲು ಬರುತ್ತಿದ್ದರೆ, ಈ ಉಪಾಯಗಳಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು.