ಹನ್ನೊಂದು ದಾಖಲೆ, ಒಂದು ಪತ್ರ: ಗಂಡನ ವಿಮೆ ಹಣ ನಾನು ಹೇಗೆ ಪಡೆದೆ

ನಮ್ಮದು ತಿಪಟೂರು. ನನ್ನ ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. 2024ರ ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಎದೆ ನೋವು ಅಂದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಅವರ ಹೆಸರಲ್ಲಿ ಎರಡು ಪಾಲಿಸಿ ಇದ್ದವು. ಎರಡಕ್ಕೂ ನಾನೇ ನಾಮಿನಿ. ಒಂದು 2 ಲಕ್ಷದ್ದು, ಹಳೆಯದು, ಕಂತು ಒಂದೂ ತಪ್ಪಿರಲಿಲ್ಲ. ಇನ್ನೊಂದು ಬೇರೆ ಕಂಪನಿಯ 10 ಲಕ್ಷದ ಟರ್ಮ್ ಪಾಲಿಸಿ. 2016ರಲ್ಲಿ ಮಾಡಿಸಿದ್ದು. ಕೊರೋನಾ ಕಾಲದಲ್ಲಿ ಕಂತು ಕಟ್ಟಲಾಗದೆ ಲ್ಯಾಪ್ಸ್ ಆಗಿತ್ತು. 2022ರ ಆಗಸ್ಟ್‌ನಲ್ಲಿ ಬಾಕಿ ಎಲ್ಲ ಕಟ್ಟಿ ರಿವೈವಲ್ ಮಾಡಿಸಿದ್ದೆವು. ತೊಂದರೆ ಕೊಟ್ಟದ್ದು ಈ ಎರಡನೆಯದೇ.

ಕ್ಲೇಮ್ ಅರ್ಜಿ ತುಂಬುವುದು ಹೇಗೆ, ಯಾವ ಫಾರ್ಮ್‌ಗೆ ಯಾರ ಸಹಿ ಅನ್ನುವುದೆಲ್ಲ ಇದನ್ನು ಓದುತ್ತಿರುವವರಿಗೆ ಗೊತ್ತೇ ಇರುತ್ತದೆ. ನಾನು ಹೇಳಬೇಕಾದದ್ದು ಪತ್ರದ ವಿಷಯ. "ಪತ್ರ ಬರೆದರೆ ಯಾರು ಓದ್ತಾರೆ ಅತ್ತಿಗೆ, ಹೋಗಿ ಎದುರಿಗೆ ಕೂತ್ಕೊಳ್ಳಿ" ಅಂತ ನನ್ನ ಮೈದುನ ಹೇಳಿದ್ದರು. ಪಾಲಿಸಿ ಮಾಡಿಸಿದ ಏಜೆಂಟರೂ ಅದನ್ನೇ ಅಂದರು. ಕಚೇರಿ ಹತ್ತಿರ ಓಡಾಡುವ ಒಬ್ಬರು ನೂರಕ್ಕೆ ಐದರಂತೆ ಕೊಟ್ಟರೆ ತಿಂಗಳಲ್ಲಿ ಮಾಡಿಸಿಕೊಡುತ್ತೇನೆ ಅಂದರು. ಅಂದರೆ 50 ಸಾವಿರ. ಕೊಡಲಿಲ್ಲ. ಹಣ ಕೊನೆಗೆ ಬಂದದ್ದು ಪತ್ರದಿಂದಲೇ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಡಿಸೆಂಬರ್ ಮಧ್ಯದಲ್ಲಿ ತುಮಕೂರಿನ ಶಾಖೆಗೆ ಹೋಗಿ ಫಾರ್ಮು, ಮರಣ ಪ್ರಮಾಣಪತ್ರ, ಆಧಾರ್, ಬಾಂಡು ಎಲ್ಲ ಕೌಂಟರ್‌ನಲ್ಲಿ ಕೊಟ್ಟು ಬಂದೆ. ಜೊತೆಗೆ ಪತ್ರ ಇರಲಿಲ್ಲ. ಸೀಲು ಹಾಕಿಸಿಕೊಳ್ಳಲಿಲ್ಲ. ಅಸಲಿ ಬಾಂಡಿಗೂ ರಸೀದಿ ಕೇಳಲಿಲ್ಲ. ಹದಿನೈದು ದಿನ ಬಿಟ್ಟು ಹೋದರೆ ಡಾಕ್ಟರ್ ಪತ್ರ ಬೇಕು ಅಂದರು. ತಂದುಕೊಟ್ಟೆ. ಮುಂದಿನ ಸಲ ಡಿಸ್ಚಾರ್ಜ್ ಫಾರ್ಮ್‌ನಲ್ಲಿ ಸಾಕ್ಷಿ ಸಹಿ ಸರಿಯಿಲ್ಲ ಅಂದರು. ಅದಾದ ಮೇಲೆ ಹೆಸರಿನ ತಕರಾರು. ಪಾಲಿಸಿಯಲ್ಲಿ ಇನಿಷಿಯಲ್ ಮಾತ್ರ ಇತ್ತು, ಮರಣ ಪ್ರಮಾಣಪತ್ರದಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಪೂರ್ತಿ ಬಂದಿತ್ತು. ಸ್ಟಾಂಪ್ ಪೇಪರ್, ನೋಟರಿ ಸೇರಿ ಸುಮಾರು 500 ರೂಪಾಯಿ ಕೊಟ್ಟು ಅಫಿಡವಿಟ್ ಮಾಡಿಸಿದೆ.

ಹೀಗೆ ಫೆಬ್ರವರಿ ಕೊನೆ ಬಂತು. ಐದು ಸಲ ಓಡಾಟ. ಬಸ್ಸು ನಮಗೆ ಫ್ರೀ, ಅದರ ಖರ್ಚಿಲ್ಲ. ಆದರೆ ನಾನು ಕೆಲಸ ಮಾಡುವ ಸಹಕಾರ ಸಂಘದಲ್ಲಿ ರಜೆ ಮುಗಿದಿತ್ತು. ಒಂದು ದಿನಕ್ಕೆ ಐನೂರರ ಹಾಗೆ ಸಂಬಳ ಕಡಿತ. ಪ್ರತಿ ಸಲವೂ ಒಂದೇ ಮಾತು: "ನಿಮ್ಮ ದಾಖಲೆ ಇನ್ನೂ ಪೂರ್ತಿಯಾಗಿಲ್ಲ."

ಈ ಮಾತಿನ ಅರ್ಥ ನನಗೆ ಹೊಳೆದದ್ದು ಒಂದು ರಾತ್ರಿ, ಸಂಘದ ಟಪಾಲು ಪುಸ್ತಕ ಮುಂದಿಟ್ಟುಕೊಂಡು ಕೂತಾಗ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ ತನಿಖೆ ಬೇಡದ ಮರಣ ಕ್ಲೇಮಿಗೆ 15 ದಿನ, ತನಿಖೆ ಬೇಕಾದ್ದಕ್ಕೆ 45 ದಿನ. ಆದರೆ ಕಾಗದ ಪೂರ್ತಿಯಾಗಿಲ್ಲ ಅಂತ ಹೇಳುತ್ತಿರುವವರೆಗೂ ಅವರ ಲೆಕ್ಕದಲ್ಲಿ ಆ ದಿನಗಳು ಶುರುವೇ ಆಗುವುದಿಲ್ಲ. ನಾನು ಒಂದೊಂದೇ ಕಾಗದ ಕೊಡುತ್ತಾ ಹೋದಷ್ಟೂ ನನ್ನ ಮೊದಲ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಹಾಗಾದರೆ ಪತ್ರ ಮಾಡಬೇಕಾದ ಕೆಲಸ ಒಂದೇ. ದಾಖಲೆ ಪೂರ್ತಿಯಾದ ದಿನ ಇದು ಅಂತ ಅವರ ಸೀಲಿನಲ್ಲೇ ಗುರುತು ಮಾಡಿಸುವುದು.

2025ರ ಮಾರ್ಚ್ 3ಕ್ಕೆ ಹೊಸದಾಗಿ ಪತ್ರ ಬರೆದೆ. ಆ ಮೊದಲು ಎರಡು ಸಲ ಬರೆದು ಹರಿದು ಹಾಕಿದ್ದೆ. ಮೊದಲನೆಯದರಲ್ಲಿ ನಮ್ಮ ಕಷ್ಟವೇ ಒಂದೂವರೆ ಪುಟ ಇತ್ತು. ಮಗಳ ಕಾಲೇಜು ಫೀಸು, ಮನೆ ಸಾಲ, ಎಲ್ಲ. ಕ್ಲೇಮ್ ವಿಭಾಗದಲ್ಲಿ ಅದನ್ನು ಓದುವವರಿಗೆ ಅದರಿಂದ ಮಾಡಲು ಏನೂ ಇಲ್ಲ. ಹೊಸ ಪತ್ರದ ಮೊದಲ ಪ್ಯಾರಾದಲ್ಲಿ ಪಾಲಿಸಿ ನಂಬರು, ಶುರುವಾದ ದಿನ, ರಿವೈವಲ್ ದಿನ, ಮೃತರ ಹೆಸರು ಎರಡೂ ರೀತಿಯಲ್ಲಿ, ತೀರಿಕೊಂಡ ದಿನ, ಜಾಗ, ಕಾರಣ, ನಾನು ಹೆಂಡತಿ ಮತ್ತು ದಾಖಲಾದ ನಾಮಿನಿ ಅನ್ನುವುದು. ಇಷ್ಟೇ. ರಿವೈವಲ್ ದಿನವನ್ನು ಬಚ್ಚಿಡಲಿಲ್ಲ. ಹೇಗೂ ಅವರ ಕಂಪ್ಯೂಟರ್‌ನಲ್ಲಿ ಇರುತ್ತದೆ. ನಾವೇ ಬರೆದರೆ ಮುಚ್ಚಿಟ್ಟರು ಅನ್ನುವ ಮಾತು ಬರುವುದಿಲ್ಲ.

ಎರಡನೆಯದು ಪಟ್ಟಿ. ಕ್ಲೇಮ್ ಅರ್ಜಿ, ಅಸಲಿ ಬಾಂಡು, ಮರಣ ಪ್ರಮಾಣಪತ್ರ, ಡಾಕ್ಟರ್ ಕೊಟ್ಟ ಮರಣ ಕಾರಣದ ಪತ್ರ, ಅಂತ್ಯಕ್ರಿಯೆಯ ದೃಢೀಕರಣ, ಅವರ ಆಧಾರ್, ನನ್ನ ಆಧಾರ್ ಮತ್ತು ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್ಕು, ಹೆಸರಿನ ಅಫಿಡವಿಟ್, ಡಿಸ್ಚಾರ್ಜ್ ಫಾರ್ಮ್, ಕೊನೆಯ ಕಂತಿನ ರಸೀದಿ. ಒಟ್ಟು ಹನ್ನೊಂದು. ಪ್ರತಿಯೊಂದರ ಮುಂದೆ ಅಸಲಿಯೋ ಜೆರಾಕ್ಸೋ, ಎಷ್ಟು ಪುಟ, ಮೊದಲೇ ಕೊಟ್ಟಿದ್ದರೆ ಯಾವ ದಿನ ಕೊಟ್ಟದ್ದು ಅಂತ ಬರೆದೆ. ಪ್ರತಿ ಪುಟದ ಮೇಲೂ ಪಾಲಿಸಿ ನಂಬರು ಮತ್ತು "19ರಲ್ಲಿ 4" ಅನ್ನುವ ಹಾಗೆ ಪುಟ ಸಂಖ್ಯೆ. ಒಂದು ಪುಟ ಕಳೆದರೂ ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ, ನಮ್ಮ ಮೇಲೆ ಹಾಕಲು ಬರುವುದಿಲ್ಲ.

ಪಟ್ಟಿಯ ಕೆಳಗೆ ಬರೆದ ಸಾಲುಗಳನ್ನು ಹಾಗೇ ಕೊಡುತ್ತೇನೆ:

"ಈ 11 ದಾಖಲೆಗಳೊಂದಿಗೆ ನನ್ನ ಕ್ಲೇಮ್ ಪೂರ್ಣವಾಗಿದೆ ಎಂದು ತಿಳಿದಿದ್ದೇನೆ. ಇನ್ನೇನಾದರೂ ಬೇಕಿದ್ದಲ್ಲಿ ಎಲ್ಲವನ್ನೂ ಒಂದೇ ಪತ್ರದಲ್ಲಿ, 15 ದಿನದೊಳಗೆ, ಬರಹದಲ್ಲಿ ಕೇಳಬೇಕೆಂದು ಕೋರುತ್ತೇನೆ. ಹಾಗೆ ಕೇಳದಿದ್ದಲ್ಲಿ ಈ ಪತ್ರ ತಲುಪಿದ ದಿನವನ್ನೇ ದಾಖಲೆ ಪೂರ್ಣಗೊಂಡ ದಿನವೆಂದು ಪರಿಗಣಿಸುತ್ತೇನೆ."

ಶಾಖೆಗೆ ನಾನೇ ಹೋಗಿ ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಮೂರನ್ನೂ ಪಡೆದೆ. ಸೀಲು ಹಾಕಲು ಮೊದಲು ಒಪ್ಪಲಿಲ್ಲ. ಊಟದ ಹೊತ್ತಿನವರೆಗೂ ಕೂತಿದ್ದೆ. ಆಮೇಲೆ ಹಾಕಿದರು. ಸೀಲು ಪತ್ರದ ಮೊದಲ ಪುಟಕ್ಕೆ ಮಾತ್ರ ಬಿದ್ದರೆ ಸಾಲದು. ದಾಖಲೆಗಳ ಪಟ್ಟಿ ಇರುವ ಪುಟದ ಮೇಲೂ ಬೀಳಬೇಕು. ಇಲ್ಲದಿದ್ದರೆ ಪತ್ರ ಬಂದಿತ್ತು, ಜೊತೆಗೆ ಏನೂ ಇರಲಿಲ್ಲ ಅನ್ನಬಹುದು, ಅಲ್ವಾ?

ಇದೇ ಹೊತ್ತಿಗೆ ಒಂದು ಪರೀಕ್ಷೆಯನ್ನೂ ಮಾಡಿದೆ. ಅದೇ ಪತ್ರವನ್ನು ಬೆಂಗಳೂರಿನ ಕ್ಲೇಮ್ ವಿಭಾಗಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆ, ಸ್ಕ್ಯಾನ್ ಮಾಡಿ ಇಮೇಲ್ ಕೂಡ ಮಾಡಿದೆ. ಇಮೇಲಿಗೆ ಅವತ್ತೇ ಒಂದು ಟಿಕೆಟ್ ನಂಬರ್ ಬಂತು, ಆಮೇಲೆ ಸುದ್ದಿಯಿಲ್ಲ. ಪೋಸ್ಟ್‌ನಲ್ಲಿ ಹೋದದ್ದಕ್ಕೇ ಹತ್ತು ಹನ್ನೆರಡು ದಿನದಲ್ಲಿ ಉತ್ತರ ಬಂತು. 2 ಲಕ್ಷದ ಪಾಲಿಸಿಗೂ ಇದೇ ಮಾದರಿಯ ಪತ್ರ ಕೊಟ್ಟಿದ್ದೆ. ಅದರ ಹಣ ಎರಡು ವಾರದೊಳಗೆ ಖಾತೆಗೆ ಬಿತ್ತು. ಅದು ಮೂರು ವರ್ಷ ದಾಟಿದ, ಲ್ಯಾಪ್ಸ್ ಆಗದ ಪಾಲಿಸಿ, ಹಾಗಾಗಿ ತನಿಖೆ ಇರಲಿಲ್ಲ. ಆದರೂ ನನಗೆ ಧೈರ್ಯ ಬಂದದ್ದು ಅದರಿಂದಲೇ.

ಬೆಂಗಳೂರಿನ ಉತ್ತರದಲ್ಲಿ ಎರಡೇ ಬೇಡಿಕೆ ಇದ್ದವು. ಹಿಂದಿನ ಮೂರು ವರ್ಷದ ಚಿಕಿತ್ಸೆಯ ದಾಖಲೆ, ಮತ್ತು ಕೆಲಸ ಮಾಡುತ್ತಿದ್ದ ಕಡೆಯಿಂದ ರಜೆಯ ವಿವರ. ಅವರು ಹುಡುಕುತ್ತಿದ್ದುದು ಏನು ಅಂತ ಗೊತ್ತಾಯಿತು. ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಮೂರು ವರ್ಷದ ಮೇಲೆ ಪಾಲಿಸಿಯನ್ನು ಪ್ರಶ್ನೆ ಮಾಡುವಂತಿಲ್ಲ. ಆದರೆ ಆ ಮೂರು ವರ್ಷ ರಿವೈವಲ್ ದಿನದಿಂದ ಮತ್ತೆ ಶುರುವಾಗುತ್ತದೆ. ನಮ್ಮದು ಎರಡು ವರ್ಷ ಮೂರು ತಿಂಗಳು. ರಿವೈವಲ್ ಹೊತ್ತಿಗೆ ಕಾಯಿಲೆ ಇದ್ದು, ಆರೋಗ್ಯದ ಘೋಷಣೆಯಲ್ಲಿ ಇಲ್ಲ ಅಂತ ಬರೆದಿದ್ದರೆ ಕ್ಲೇಮ್ ತಳ್ಳಿಹಾಕಬಹುದು. ಹಾಗೇನಾದರೂ ಇದ್ದರೆ ಎಷ್ಟು ಚೆನ್ನಾಗಿ ಪತ್ರ ಬರೆದರೂ ಕಷ್ಟವೇ.

ಯಜಮಾನರಿಗೆ ಬಿಪಿ ಇತ್ತು. ಮಾತ್ರೆ ಶುರುವಾದದ್ದು 2023ರ ಮಾರ್ಚ್‌ನಲ್ಲಿ, ರಿವೈವಲ್ ಆಗಿ ಏಳು ತಿಂಗಳ ಮೇಲೆ. ಇದನ್ನು ಹೇಳಬೇಡಿ ಅಂತ ಏಜೆಂಟರು ಎಚ್ಚರಿಸಿದರು. ನಾನು ಹೇಳಿದೆ. ಕ್ಲಿನಿಕ್ಕಿನ ಪುಸ್ತಕದ ಮೊದಲ ಪುಟದಲ್ಲಿ ಮೊದಲ ಭೇಟಿಯ ದಿನಾಂಕ ಇತ್ತು. ಆ ಪುಸ್ತಕ ಪೂರ್ತಿ ಜೆರಾಕ್ಸ್ ಮಾಡಿಸಿ, ಬಿಪಿ ಮೊದಲು ಗೊತ್ತಾದದ್ದು ಇಂಥ ದಿನ ಅಂತ ಡಾಕ್ಟರಿಂದ ಎರಡು ಸಾಲು ಬರೆಸಿ ಸಹಿ, ಸೀಲು ಹಾಕಿಸಿದೆ. ಮಂಡಿಯಲ್ಲಿ ರಜೆಯ ಪುಸ್ತಕ ಇರಲಿಲ್ಲ. ಕಾಯಿಲೆ ಅಂತ ದೀರ್ಘ ರಜೆ ಹಾಕಿದ್ದಿಲ್ಲ ಎಂದು ಸಾಹುಕಾರರು ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರು. ಮಾರ್ಚ್ 24ಕ್ಕೆ ಎರಡನ್ನೂ ಕೊಟ್ಟು ಮತ್ತೆ ಸೀಲು ಪಡೆದೆ. ಈ ಸಲದ ಪತ್ರ ಅರ್ಧ ಪುಟ. "ನೀವು ಬರಹದಲ್ಲಿ ಕೇಳಿದ ಎರಡೂ ದಾಖಲೆ ಇಂದು ತಲುಪಿವೆ. ಬೇರೆ ಬಾಕಿ ಇಲ್ಲ."

ತನಿಖೆಗೆ ಒಬ್ಬರು ಬಂದರು. ಅಕ್ಕಪಕ್ಕ ಕೇಳಿದರು, ಕ್ಲಿನಿಕ್ಕಿಗೂ ಹೋದರು. ಆಮೇಲೆ ಮೌನ. ಮಾರ್ಚ್ 24ರಿಂದ 45 ದಿನ ಎಣಿಸಿ ಕಾದೆ. ಮೇ 8ಕ್ಕೆ ಮುಗಿಯಿತು. ಮೇ 9ಕ್ಕೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. ಇಲ್ಲೂ ಕಷ್ಟ ಹೇಳಿಕೊಳ್ಳಲಿಲ್ಲ. ದಿನಾಂಕಗಳ ಸಣ್ಣ ಪಟ್ಟಿ, ಸೀಲು ಬಿದ್ದ ಪುಟಗಳು, ತಡವಾದದ್ದಕ್ಕೆ ಬ್ಯಾಂಕ್ ದರದ ಮೇಲೆ ಶೇ. 2 ಸೇರಿಸಿ ಬಡ್ಡಿ ಕೊಡಬೇಕು ಅನ್ನುವ ಬೇಡಿಕೆ. ಕೊನೆಯಲ್ಲಿ ಇನ್ನೊಂದು ಸಾಲು ಇತ್ತು. ಅದನ್ನು ಇಲ್ಲಿ ಹಾಕುವುದಿಲ್ಲ. ಎಲ್ಲರೂ ಅದನ್ನೇ ನಕಲು ಮಾಡಿದರೆ ಅದರ ಬಲ ಹೋಗುತ್ತದೆ. ನಿಮ್ಮ ಕೇಸಿನಲ್ಲಿ ಅವರಿಗೆ ಉತ್ತರ ಕೊಡಲು ಕಷ್ಟವಾಗುವ ಒಂದು ದಿನಾಂಕ ಇದ್ದೇ ಇರುತ್ತದೆ, ಅದನ್ನು ನೀವೇ ಹುಡುಕಿ.

ಎರಡು ವಾರ ಉತ್ತರ ಬರಲಿಲ್ಲ. ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕಿದೆ. ವಿಮಾ ಓಂಬುಡ್ಸ್‌ಮನ್‌ಗೂ ಅರ್ಜಿ ಬರೆದಿಟ್ಟುಕೊಂಡೆ. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಉತ್ತರ ಇಲ್ಲದಿದ್ದರೆ ಅಲ್ಲಿಗೆ ಹೋಗಬಹುದು. ಕಚೇರಿ ಬೆಂಗಳೂರಿನಲ್ಲೇ ಇದೆ, ಫೀಸಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷದವರೆಗಿನ ದೂರು ಕೇಳುತ್ತಾರೆ. ಅದನ್ನು ಕಳಿಸುವ ಪ್ರಮೇಯ ಬರಲಿಲ್ಲ. ಮೇ 30ರ ಸಂಜೆ ಖಾತೆಗೆ 10 ಲಕ್ಷ ಬಂತು. ಟಿಡಿಎಸ್ ಹಿಡಿದಿರಲಿಲ್ಲ.

ಬಡ್ಡಿ ಮಾತ್ರ ಇರಲಿಲ್ಲ. "ಬಂದದ್ದು ಬಂತಲ್ಲ, ಬಿಡಿ ಅತ್ತಿಗೆ" ಅಂದರು ಮೈದುನ. ಬಿಡಲಿಲ್ಲ. ಕೊನೆಯ ದಾಖಲೆ ಕೊಟ್ಟ ಮಾರ್ಚ್ 24ರಿಂದ ಮೇ 30ರವರೆಗೆ 67 ದಿನ, ಎಂಟೂವರೆ ಪರ್ಸೆಂಟಿನ ಹಾಗೆ ಲೆಕ್ಕ ಹಾಕಿ ಐದು ಸಾಲಿನ ಪತ್ರ ಬರೆದೆ. ಜೂನ್ ಮೂರನೇ ವಾರ 15 ಸಾವಿರ ಚಿಲ್ಲರೆ ಬಂತು. ಆರಂಭದಿಂದ ಜೆರಾಕ್ಸು, ನೋಟರಿ, ಪೋಸ್ಟು ಸೇರಿ ನನಗೆ ಆದ ಖರ್ಚು ಎರಡು ಸಾವಿರ ಇರಬಹುದು, ಸಂಬಳ ಕಡಿತ ಬೇರೆ.

ಈಗ ನಮ್ಮ ಬೀದಿಯ ಒಬ್ಬ ಅಕ್ಕನಿಗೆ ಪತ್ರ ಬರೆದುಕೊಡುತ್ತಿದ್ದೇನೆ. ಅವರ ಬಾಂಡೇ ಕಳೆದುಹೋಗಿದೆ. ಪಟ್ಟಿಯ ಎರಡನೇ ಸಾಲಿನಲ್ಲಿ ಅಸಲಿ ಬಾಂಡಿನ ಬದಲು ಇಂಡೆಮ್ನಿಟಿ ಬಾಂಡ್ ಅಂತ ಬರೆದಿದ್ದೇವೆ. ಸೋಮವಾರ ಸೀಲು ಹಾಕಿಸಲು ಇಬ್ಬರೂ ಹೋಗುತ್ತಿದ್ದೇವೆ.